ಶೇಷದ ಲೆಕ್ಕವೋ, ಉಂಗುರವೋ?

ಕೋಲಾರದ ಟೊಮೆಟೊ ದರ ತೋರಿಸುವ ನಮ್ಮ ಆ್ಯಪ್‌ಗೆ 4 ಕ್ಯಾಶ್ ಸರ್ವರ್‌ಗಳಿದ್ದವು. ಯಾವ ಕೀ ಯಾವುದಕ್ಕೆ ಅನ್ನೋದನ್ನು `hash(key) % 4` ಹೇಳುತ್ತಿತ್ತು. ಹರಾಜು ಜೋರಾಗಿದ್ದ ಹೊತ್ತಲ್ಲೇ ಐದನೆಯದನ್ನು ಸೇರಿಸಿದೆ. ಕ್ಯಾಶ್‌ನಲ್ಲಿ ಹೆಚ್ಚಿನವು ಸಿಗದೆ ಬಹುತೇಕರು ಡೇಟಾಬೇಸ್‌ಗೆ ಮುಗಿಬಿದ್ದರು. ಹ್ಯಾಶ್ 17 ಇದ್ದರೆ, 4ರಿಂದ ಭಾಗಿಸಿದಾಗ ಶೇಷ 1, 5ರಿಂದ 2. 0ಯಿಂದ 19ರವರೆಗೆ ನೀವೇ ಬರೆದು ನೋಡಿ: ಜಾಗ ಬಿಡದವು 0, 1, 2, 3 ಮಾತ್ರ. ಅಂದರೆ ಶೇ. 80ರಷ್ಟು ಕೀಗಳು ಗುಳೆ ಎದ್ದವು!

ಕನ್ಸಿಸ್ಟೆಂಟ್ ಹ್ಯಾಶಿಂಗ್‌ನಲ್ಲಿ ಸರ್ವರ್‌ಗಳನ್ನೂ ಕೀಗಳನ್ನೂ ಒಂದೇ ಉಂಗುರದ ಮೇಲೆ ಕೂರಿಸುತ್ತೇವೆ. ಕೀಯಿಂದ ಪ್ರದಕ್ಷಿಣೆ ಹೊರಟರೆ ಮೊದಲು ಸಿಗುವ ಸರ್ವರ್ರೇ ಅದರ ಮನೆ. ಐದನೆಯದು ಬಂದರೆ ಸುಮಾರು ಶೇ. 20 ಕೀಗಳು ಅದಕ್ಕೆ ಹೋಗುತ್ತವೆ, ಉಳಿದವು ಅಲ್ಲಾಡುವುದಿಲ್ಲ.

ಆದರೆ ಸರ್ವರ್‌ಗೆ ಒಂದೊಂದೇ ಬಿಂದು ಕೊಟ್ಟರೆ ಹಂಚಿಕೆ ಏರುಪೇರು. ಹೊಸದು ಪಕ್ಕದ ಒಂದರ ಹೊರೆಯನ್ನಷ್ಟೇ ಇಳಿಸುತ್ತದೆ. ಒಂದೇ ಸರ್ವರ್‌ನ ಮೆಮೊರಿ ತುಂಬುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಉಂಗುರದ ಮೇಲೆ ತಲಾ 100–200 ಬಿಂದು, ಅಂದರೆ ವರ್ಚುವಲ್ ನೋಡ್, ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಲ್ಲರೂ ಒಂದೇ ಕೀ ಕೇಳಿದರೆ ಮಾತ್ರ ಉಂಗುರವೂ ಕೈಚೆಲ್ಲುತ್ತದೆ.

ಸರ್ವರ್ ಸಂಖ್ಯೆ ಬದಲಾಗುವುದೇ ಇಲ್ಲವೇ? ಶೇಷದ ಲೆಕ್ಕವೇ ಸಾಕು.