ಎಫ್‌ಐಆರ್ ಇಂಗ್ಲಿಷಿಗೆ ಮಾಡಿಸಲು ಈ ಅನುವಾದ ಕಚೇರಿ ಹೇಗಿದೆ? (5ಕ್ಕೆ 4)
ವೀಸಾ ಕಾಗದಪತ್ರಗಳಿಗೆ ನಮ್ಮ ಮನೆಯವರು ಕೆಲವು ವರ್ಷಗಳಿಂದ ಬೆಂಗಳೂರಿನ ಇದೇ ಅನುವಾದ ಕಚೇರಿಗೆ ಹೋಗುತ್ತಿದ್ದೇವೆ. ಜನನ ಪ್ರಮಾಣಪತ್ರವನ್ನು ಯಾರು ಮಾಡಿಕೊಟ್ಟರೂ ನಡೆಯುತ್ತದೆ. ಪೊಲೀಸ್ ಕಾಗದದಲ್ಲೇ ಗೊತ್ತಾಗೋದು ಯಾರ ಕೈ ಪಳಗಿದೆ ಅಂತ.

ನನ್ನ ಭಾವಮೈದುನ ಕೆನಡಾ ಪಿಆರ್‌ಗೆ ಅರ್ಜಿ ಹಾಕಿದಾಗ ಹಳೆಯ ಎಫ್‌ಐಆರ್ ಒಂದನ್ನು ಕೊಡಬೇಕಾಯಿತು. ಜಮೀನಿನ ಬದುವಿನ ಜಗಳ, ಕಲಂ 324, 504, 506 ಸಹಿತ 34 ಐಪಿಸಿ. ಇವನು ಎರಡನೇ ಆರೋಪಿ. 'ಅವಾಚ್ಯ ಶಬ್ದಗಳಿಂದ ಬೈದು, ದೊಣ್ಣೆಯಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ' ಎಂಬ ಸಾಲು ಅದರಲ್ಲಿತ್ತು. ಹೊಡೆದಾಟದ ದೂರುಗಳಲ್ಲಿ ಇದು ಮಾಮೂಲಿ ಸಾಲು. ಬೈದದ್ದು 504ಕ್ಕೆ, ಬೆದರಿಕೆ 506ಕ್ಕೆ ಬೇಕಲ್ವಾ? ಆದರೆ ವೀಸಾ ಅಧಿಕಾರಿಗೆ ಇದು ಮಾಮೂಲಿ ಅಂತ ಗೊತ್ತಿರಬೇಕಲ್ಲ.

ನಮ್ಮ ಎಫ್‌ಐಆರ್‌ನಲ್ಲಿ ಇಡೀ ಕಥೆ ಒಂದೇ ಉದ್ದ ವಾಕ್ಯ. 'ಎಂಬುದಾಗಿ ನೀಡಿದ ದೂರಿನ ಮೇರೆಗೆ' ಅನ್ನೋದು ಕೊನೆಯಲ್ಲಿ ಬರುತ್ತದೆ. ಮೊದಲ ಕರಡಿನಲ್ಲಿ ಅದನ್ನು ಹತ್ತಾರು ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಒಡೆದಿದ್ದರು. ದೂರುದಾರ ಹೇಳಿದ್ದು ಎಂಬ ಸುಳಿವು ಕೊನೆಯ ವಾಕ್ಯದಲ್ಲಿ ಮಾತ್ರ ಉಳಿದಿತ್ತು. ಓದಿದರೆ ಇವನು ಹೊಡೆದದ್ದನ್ನು ಪೊಲೀಸರೇ ಕಂಡಂತಿತ್ತು! ತೋರಿಸಿದ ಮೇಲೆ, ಒಂದು ಪದವನ್ನೂ ಮೆದುಗೊಳಿಸದೆ, ಪ್ರತಿ ವಾಕ್ಯಕ್ಕೂ 'ದೂರುದಾರರು ಹೇಳುವಂತೆ' ಸೇರಿಸಿ ಸರಿಮಾಡಿದರು. ಹಣ ಕೇಳಲಿಲ್ಲ.

ಕೇಸಿನಲ್ಲಿ ಬಿ ರಿಪೋರ್ಟ್ ಆಗಿತ್ತು. ಅದನ್ನು ಹಾಗೇ ಬರೆದರೆ ಹೊರದೇಶದವರಿಗೆ ಏನು ಅರ್ಥವಾಗಬೇಕು? ಇವರು ಮೂಲದ ಪದ ಉಳಿಸಿ, ಆರೋಪಪಟ್ಟಿ ಹಾಕದೆ ಕೇಸು ಮುಗಿಸಲು ಪೊಲೀಸರು ಕೋರ್ಟಿಗೆ ಕೊಡುವ ಅಂತಿಮ ವರದಿ ಎಂದು ಅಡಿಟಿಪ್ಪಣಿ ಹಾಕಿದರು. ಜೊತೆಗೆ, ಪೊಲೀಸರು ವರದಿ ಕೊಟ್ಟ ಮಾತ್ರಕ್ಕೆ ಕೇಸು ಮುಗಿಯಲ್ಲ, ದೂರುದಾರ ತಕರಾರು ಹಾಕಬಹುದು, ಕೋರ್ಟು ಒಪ್ಪಿದ ಆದೇಶದ ದೃಢೀಕೃತ ನಕಲು ತನ್ನಿ ಎಂದರು. ತಂದೆವು, ಅದನ್ನೂ ಅನುವಾದಿಸಿದರು. ಮೊಹರು, ಓದಲಾಗದ ಸಹಿ ಎಲ್ಲವನ್ನೂ ಇದ್ದ ಜಾಗದಲ್ಲೇ ನಮೂದಿಸಿದ್ದರು.

ಕೆನಡಾಕ್ಕೆ ಅಲ್ಲಿನ ಮಾನ್ಯ ಅನುವಾದಕರಲ್ಲದವರು ಮಾಡಿದರೆ ಅಫಿಡವಿಟ್ ಬೇಕು, ಮನೆಯವರು ಅನುವಾದಿಸುವಂತಿಲ್ಲ. ಇವರು ನೋಟರಿ ಮುಂದೆ ತಾವೇ ಪ್ರಮಾಣ ಮಾಡಿ ಅಫಿಡವಿಟ್ ಕೊಡುತ್ತಾರೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿಯನ್ನೂ ಕೊಟ್ಟಿದ್ದೆವು. ಪಾಸ್‌ಪೋರ್ಟ್ ಕಚೇರಿಯಿಂದ ಅದು ಇಂಗ್ಲಿಷಿನಲ್ಲೇ ಬಂದಿದೆ, ಸುಮ್ನೆ ದುಡ್ಡು ಯಾಕೆ ಎಂದು ವಾಪಸ್ ಕೊಟ್ಟರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಕೈಬರಹದ ದೂರಿಗೆ ಪುಟದ ದರ ಜಾಸ್ತಿ ಹಾಕಿದ್ದಕ್ಕೆ. ಅದನ್ನು ಮೊದಲೇ ಹೇಳಲಿಲ್ಲ, ಬಿಲ್ಲಿನಲ್ಲಿ ನೋಡಿದಾಗಲೇ ಗೊತ್ತಾಯಿತು.