ಯುಕೆಗೆ ಬರುವ ಅಪ್ಪ-ಅಮ್ಮನಿಗೆ ಮೂರು ವರ್ಷದ ಸೀನಿಯರ್ ರೈಲ್‌ಕಾರ್ಡ್ ಮಾರುವವರಿದ್ದಾರೆ, ಎಚ್ಚರ

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೊರಟಿರುವ ಹಿರಿಯರು ಮನೆಯಲ್ಲಿದ್ದರೆ ಇದನ್ನೊಮ್ಮೆ ಓದಿ. ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲವನ್ನೂ ಒಂದೇ ಕಡೆ ಮಾಡಿಕೊಡುವ ಏಜೆಂಟರು ಈಗ ಆ ಪಟ್ಟಿಗೆ 'ಸೀನಿಯರ್ ರೈಲ್‌ಕಾರ್ಡ್' ಅಂತ, ಇಲ್ಲಿನ ರೈಲು ಟಿಕೆಟ್ಟಿನಲ್ಲಿ ಹಿರಿಯರಿಗೆ ರಿಯಾಯಿತಿ ಕೊಡಿಸುವ ಕಾರ್ಡಿನ ಒಂದು ಸಾಲು ಸೇರಿಸುತ್ತಿದ್ದಾರೆ. ಮೈಸೂರಿನಲ್ಲಿರುವ ನಮ್ಮ ಅಪ್ಪ-ಅಮ್ಮನಿಗೂ ಹಾಗೇ ಮಾರಿದರು. ತಲಾ 80 ಪೌಂಡಿನ ಮೂರು ವರ್ಷದ ಕಾರ್ಡು ಎರಡು, ಒಟ್ಟು 160 ಪೌಂಡ್, ಅದರ ಮೇಲೆ 3,000 ರೂಪಾಯಿ ಸರ್ವಿಸ್ ಚಾರ್ಜ್. ಅವರು ರೆಡಿಂಗ್‌ನ ನಮ್ಮ ಮನೆಯಲ್ಲಿ ಇರಬೇಕಾಗಿದ್ದದ್ದು ಎರಡು ತಿಂಗಳಿಗೂ ಕಡಿಮೆ.

ಅಪ್ಪನ ಮಟ್ಟಿಗೆ ಅದು ಸಹಜವಾಗಿಯೇ ಕಂಡಿತ್ತು. 2020ರ ಮಾರ್ಚ್‌ಗೆ ಮುಂಚೆ ನಮ್ಮ ರೈಲ್ವೆಯಲ್ಲಿ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. ಅದಕ್ಕೆ ವಯಸ್ಸೇ ಸಾಕಾಗಿತ್ತು, ಯಾವ ಕಾರ್ಡನ್ನೂ ಕೊಳ್ಳಬೇಕಿರಲಿಲ್ಲ. "ಅಲ್ಲೂ ಹಿರಿಯರಿಗೆ ಕನ್ಸೆಷನ್ ಇದೆ ಸಾರ್, ಮೂರನೇ ಒಂದು ಭಾಗ ಕಡಿಮೆ" ಎಂದರೆ ಯಾರಾದರೂ ನಂಬುತ್ತಾರೆ. ಮಾತು ಸುಳ್ಳೂ ಅಲ್ಲ. ಆದರೆ ಇಲ್ಲಿ ರಿಯಾಯಿತಿ ಪಡೆಯುವ ಹಕ್ಕನ್ನೇ ಮೊದಲು ದುಡ್ಡು ಕೊಟ್ಟು ಕೊಳ್ಳಬೇಕು. ಆ ದುಡ್ಡು ಯಾವಾಗ ಹುಟ್ಟುತ್ತದೆ ಅನ್ನುವ ಲೆಕ್ಕವನ್ನು ಮಾರಿದವರು ಹೇಳಲೇ ಇಲ್ಲ.

ಲೆಕ್ಕ ತುಂಬಾ ಸರಳ. 2025ರ ಮಾರ್ಚ್‌ನಿಂದ ಬಹುತೇಕ ರೈಲ್‌ಕಾರ್ಡುಗಳಿಗೆ ವರ್ಷಕ್ಕೆ 35 ಪೌಂಡ್, ಅದಕ್ಕೂ ಮುಂಚೆ 30 ಇತ್ತು. ಕಾರ್ಡಿನಿಂದ ಮೂರನೇ ಒಂದು ಭಾಗ ಉಳಿಯುತ್ತದಾದ್ದರಿಂದ ಕಾರ್ಡಿನ ಬೆಲೆಯನ್ನು ಮೂರರಿಂದ ಗುಣಿಸಿ. 35 ಪೌಂಡಿನ ಕಾರ್ಡು ಹುಟ್ಟಬೇಕಾದರೆ ರಿಯಾಯಿತಿ ಇಲ್ಲದ ದರದಲ್ಲಿ 105 ಪೌಂಡಿನಷ್ಟು ರೈಲು ಪ್ರಯಾಣ ಆಗಬೇಕು, 80 ಪೌಂಡಿನ ಮೂರು ವರ್ಷದ ಕಾರ್ಡಾದರೆ 240 ಪೌಂಡಿನಷ್ಟು. ಅದೂ ಒಬ್ಬೊಬ್ಬರಿಗೆ. ಇಲ್ಲೇ ವಾಸವಿದ್ದು ತಿಂಗಳಿಗೊಮ್ಮೆ ಊರೂರು ತಿರುಗುವ ಹಿರಿಯರಿಗೆ ಮೂರು ವರ್ಷದ್ದು ನಿಜಕ್ಕೂ ಅಗ್ಗ. ಒಂದು ಸಲ ಬಂದು ಹೋಗುವವರಿಗೆ ಅದು ಯಾಕೆ?

ನಮ್ಮವರ ಓಡಾಟವನ್ನೇ ತೆಗೆದುಕೊಳ್ಳಿ. ಲಂಡನ್ನಿನಿಂದ ಎಡಿನ್‌ಬರೊಗೆ ಮುಂಗಡವಾಗಿ ಬುಕ್ ಮಾಡಿದ ಟಿಕೆಟ್ಟಿನ ಮೂಲ ದರ ಒಂದು ಕಡೆಗೆ ತಲಾ 52 ಪೌಂಡ್, ಹೋಗಿ ಬರಲು ಇಬ್ಬರಿಗೆ 208. ಬಾತ್‌ಗೆ ಹೋಗಿ ಬರಲು ಇಬ್ಬರಿಗೆ 60, ಆಕ್ಸ್‌ಫರ್ಡಿಗೆ 24. ರಿಯಾಯಿತಿ ಸಿಗುವಂಥ ಪ್ರಯಾಣ ಒಟ್ಟು 292 ಪೌಂಡ್, ಅದರಲ್ಲಿ ಉಳಿಯುವುದು 97. ಕೊಟ್ಟದ್ದು 160. ಅಂದರೆ ಸರ್ವಿಸ್ ಚಾರ್ಜ್ ಬಿಟ್ಟು ನೋಡಿದರೂ 63 ಪೌಂಡ್ ನಷ್ಟ. ಇದೇ ಪ್ರಯಾಣಕ್ಕೆ ಒಂದು ವರ್ಷದ ಸೀನಿಯರ್ ಕಾರ್ಡನ್ನು ಇಬ್ಬರಿಗೂ ಕೊಂಡಿದ್ದರೆ 70 ಪೌಂಡ್ ಖರ್ಚಾಗಿ 27 ಉಳಿಯುತ್ತಿತ್ತು.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿತ್ತು, ಅದರ ಹೆಸರನ್ನೇ ಏಜೆಂಟರು ಎತ್ತಲಿಲ್ಲ. 'ಟೂ ಟುಗೆದರ್' ಅನ್ನುವ ಕಾರ್ಡು ಇಬ್ಬರಿಗೆ ಸೇರಿ ಒಂದೇ, ಬೆಲೆ ಅದೇ 35 ಪೌಂಡ್, ರಿಯಾಯಿತಿಯೂ ಅದೇ ಮೂರನೇ ಒಂದು ಭಾಗ. 16 ವರ್ಷ ದಾಟಿದ ಯಾವ ಇಬ್ಬರಾದರೂ ತೆಗೆದುಕೊಳ್ಳಬಹುದು, ಗಂಡ-ಹೆಂಡತಿಯೇ ಆಗಬೇಕೆಂದಿಲ್ಲ. ಕಾರ್ಡಿನಲ್ಲಿ ಹೆಸರಿರುವ ಇಬ್ಬರೂ ಪ್ರತಿ ಸಲ ಜೊತೆಯಲ್ಲೇ ಪ್ರಯಾಣ ಮಾಡಬೇಕು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9:30ಕ್ಕೆ ಮುಂಚೆ ನಡೆಯುವುದಿಲ್ಲ, ಇಷ್ಟೇ ಕಟ್ಟು. ನಮ್ಮ ಅಪ್ಪ-ಅಮ್ಮ ಮಾರ್ಕೆಟ್ಟಿಗೂ ಒಬ್ಬರನ್ನು ಬಿಟ್ಟು ಒಬ್ಬರು ಹೋಗುವವರಲ್ಲ! ಈ ಕಾರ್ಡಿದ್ದಿದ್ದರೆ 97ರಲ್ಲಿ 35 ಕಳೆದು 62 ಪೌಂಡ್ ಕೈಯಲ್ಲಿ ಉಳಿಯುತ್ತಿತ್ತು. ಅದೇ ಊರು, ಅದೇ ರೈಲು, ಕಾರ್ಡು ಬದಲಾದರೆ 63ರ ನಷ್ಟ 62ರ ಲಾಭ ಆಗುತ್ತದೆ.

ಮೊಮ್ಮಕ್ಕಳೂ ಜೊತೆಗಿರುತ್ತಾರೆ ಅಂತಾದರೆ 'ಫ್ಯಾಮಿಲಿ ಅಂಡ್ ಫ್ರೆಂಡ್ಸ್' ಕಾರ್ಡನ್ನೂ ನೋಡಿ. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳವರೆಗೆ ಹೋಗಬಹುದು. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳ ಟಿಕೆಟ್ಟಿನಲ್ಲಿ ಶೇ. 60 ಕಡಿಮೆ. 5ರಿಂದ 15 ವರ್ಷದ ಒಂದು ಮಗುವಾದರೂ ಜೊತೆಗಿರಬೇಕು. ಮಗುವಿಗೆ ಸ್ಕೂಲಿರುವ ದಿನ ಅಜ್ಜ-ಅಜ್ಜಿ ಇಬ್ಬರೇ ಹೊರಟರೆ ಆ ಕಾರ್ಡಿಗೆ ಬೆಲೆಯಿಲ್ಲ.

ಸೀನಿಯರ್ ಕಾರ್ಡು ಎಲ್ಲ ಹೊತ್ತಿಗೂ ನಡೆಯುತ್ತದೆ ಅನ್ನುವುದು ಏಜೆಂಟರ ಇನ್ನೊಂದು ಮಾತು. ಲಂಡನ್ ಮತ್ತು ಸುತ್ತಲಿನ ಆಗ್ನೇಯ ಭಾಗದ ಒಳಗೇ ಮುಗಿಯುವ ಪ್ರಯಾಣಕ್ಕೆ ವಾರದ ದಿನಗಳ ಬೆಳಗಿನ ರಶ್ ಹೊತ್ತಿನಲ್ಲಿ ಅದು ಚಲಾವಣೆಯಲ್ಲಿಲ್ಲ. ರೆಡಿಂಗ್‌ನಿಂದ ಲಂಡನ್ನಿಗೆ ಹೋಗುವುದು ಈ ಭಾಗದೊಳಗೇ ಬರುತ್ತದೆ. ಮೊದಲ ಸಲ ಲಂಡನ್ ನೋಡಲು ಬೆಳಿಗ್ಗೆ ಬೇಗ ಹೊರಟಾಗ ಪೂರ್ತಿ ದರವನ್ನೇ ಕೊಟ್ಟೆವು. ಅಂಡರ್‌ಗ್ರೌಂಡ್ ರೈಲಿನಲ್ಲೂ ನಡೆಯುತ್ತದೆ ಅಂದಿದ್ದರು. ಅದು ಅರ್ಧ ನಿಜ. ಸೀನಿಯರ್ ಕಾರ್ಡನ್ನು, ಲಂಡನ್ನಿನ ಓಡಾಟಕ್ಕೆ ದುಡ್ಡು ತುಂಬಿಸಿ ಬಳಸುವ ಆಯ್ಸ್ಟರ್ ಕಾರ್ಡಿಗೆ ಜೋಡಿಸಿಕೊಡಿ ಎಂದು ಸ್ಟೇಷನ್ನಿನ ಸಿಬ್ಬಂದಿಯನ್ನು ಕೇಳಬೇಕು. ಜೋಡಿಸಿದ ಮೇಲೆ ರಶ್ ಇಲ್ಲದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಕಡಿಮೆ ದುಡ್ಡು ಕಟ್ ಆಗುತ್ತದೆ. ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ಮುಟ್ಟಿಸಿ ಒಳಗೆ ಹೋದರೆ ರಿಯಾಯಿತಿ ಇಲ್ಲ. ಟೂ ಟುಗೆದರ್ ಕಾರ್ಡನ್ನಂತೂ ಆಯ್ಸ್ಟರ್‌ಗೆ ಜೋಡಿಸಲು ಬರುವುದಿಲ್ಲ. ಲಂಡನ್ನಿನ ಒಳಗೇ ಹೆಚ್ಚು ಓಡಾಡುವವರಿಗೆ ಮಾತ್ರ ಸೀನಿಯರ್ ಕಾರ್ಡಿಗೆ ಈ ಒಂದು ಅಂಕ ಜಾಸ್ತಿ ಕೊಡಬಹುದು.

ಈಗ ಬಾತ್ ರೈಲಿನಲ್ಲಿ ಆದದ್ದು. ಟಿಕೆಟ್ ನೋಡುವವರು ಬಂದರು. ಅಪ್ಪ ಟಿಕೆಟ್ ಕೊಟ್ಟರು, ಅದರ ಮೇಲೆ ರೈಲ್‌ಕಾರ್ಡ್ ರಿಯಾಯಿತಿ ಅಂತ ಅಚ್ಚಾಗಿತ್ತು. ಕಾರ್ಡು ಎಲ್ಲಿ ಎಂದು ಕೇಳಿದಾಗ ವಾಟ್ಸಾಪ್ ತೆರೆದು ಏಜೆಂಟ್ ಕಳಿಸಿದ್ದ ಚಿತ್ರ ತೋರಿಸಿದರು. ಆ ಹೆಂಗಸು ಬಗ್ಗಿ ನೋಡಿ, ಬೆರಳಿನಿಂದ ಚಿತ್ರವನ್ನು ಆಚೀಚೆ ಸರಿಸಿ, "ಇದು ಸ್ಕ್ರೀನ್‌ಶಾಟ್, ಆ್ಯಪ್‌ನಲ್ಲಿ ತೆಗೆದು ತೋರಿಸಿ" ಅಂದರು. ಆ್ಯಪ್ ಫೋನಿನಲ್ಲಿ ಇದ್ದರಲ್ಲವೇ! ಏಜೆಂಟ್ ಎರಡೂ ಕಾರ್ಡುಗಳನ್ನು ತನ್ನ ಆಫೀಸಿನ ಇಮೇಲ್‌ನಲ್ಲಿ ಕೊಂಡು, ತನ್ನ ಫೋನಿಗೆ ಇಳಿಸಿಕೊಂಡು, ಫೋಟೋ ಹೊಡೆದು ಕಳಿಸಿದ್ದ. ಡಿಜಿಟಲ್ ಕಾರ್ಡಿನ ಸ್ಕ್ರೀನ್‌ಶಾಟ್ ಇಲ್ಲಿ ಲೆಕ್ಕಕ್ಕಿಲ್ಲ. ಕಾರ್ಡು ತೋರಿಸದೆ ರಿಯಾಯಿತಿ ಟಿಕೆಟ್ಟಿನಲ್ಲಿ ಕುಳಿತರೆ ಟಿಕೆಟ್ಟೇ ಇಲ್ಲದ ಹಾಗೆ. ಆ ಹೆಂಗಸು ದಂಡ ಹಾಕಲಿಲ್ಲ, ಅಂದಿನ ಪೂರ್ತಿ ದರದ ಹೊಸ ಟಿಕೆಟ್ ಕೊಟ್ಟರು, ಇಬ್ಬರಿಗೂ ಸೇರಿ 70 ಪೌಂಡಿನ ಮೇಲೆ. ಅಮ್ಮ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ದುಡ್ಡಿಗಿಂತ ಎಲ್ಲರ ಮುಂದೆ ಹಾಗಾಯಿತಲ್ಲ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು.

ಇದಕ್ಕೊಂದು ಪರಿಹಾರವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಚಾಲ್ತಿಯಲ್ಲಿರುವ ಕಾರ್ಡಿದ್ದೂ ರೈಲಿನಲ್ಲಿ ತೋರಿಸಲಾಗದೆ ಹೋದರೆ, ಹೀಗೆ ಹೆಚ್ಚುವರಿಯಾಗಿ ಕೊಟ್ಟ ಹಣವನ್ನು 12 ತಿಂಗಳಲ್ಲಿ ಒಂದು ಸಲ ವಾಪಸ್ ಕೇಳಬಹುದು. ಎರಡೂ ಟಿಕೆಟ್ಟು, ರಸೀದಿ, ಕಾರ್ಡಿನ ವಿವರ ಇಟ್ಟು ರೈಲು ಕಂಪನಿಗೆ ಬೇಗನೆ ಬರೆಯಬೇಕು. ನಮಗೆ ಬಂತು. ಆದರೆ ಅದಕ್ಕೆ ಕಾರ್ಡು ಅಪ್ಪ-ಅಮ್ಮನ ಹೆಸರಿನಲ್ಲೇ ಇದೆ ಎಂದು ತೋರಿಸಬೇಕಿತ್ತು, ಅದು ಏಜೆಂಟ್ ಹತ್ತಿರ. ಪ್ರತಿ ಡಿಜಿಟಲ್ ಕಾರ್ಡಿಗೂ ಒಂದು ಡೌನ್‌ಲೋಡ್ ಕೋಡ್ ಇರುತ್ತದೆ, ಒಂದಕ್ಕಿಂತ ಹೆಚ್ಚು ಫೋನುಗಳಿಗೆ ಇಳಿಸಿಕೊಳ್ಳಬಹುದು. ಆ ಕೋಡ್ ಕೊಡಿ ಎಂದು ಎಷ್ಟು ಸಲ ಫೋನ್ ಮಾಡಿದರೂ "ಸಂಜೆ ಕಳಿಸ್ತೀನಿ ಸಾರ್". ಕೊನೆಗೆ ಅಪ್ಪನ ಸ್ನೇಹಿತರೊಬ್ಬರು ಅವರ ಆಫೀಸಿಗೇ ಹೋಗಿ ಕುಳಿತ ಮೇಲೆ ಬಂತು. ಕಾರ್ಡಿನ 160 ಪೌಂಡ್ ವಾಪಸ್ ಕೇಳಿದ್ದಕ್ಕೆ, "ಮುಂದಿನ ವರ್ಷವೂ ಹೋಗ್ತೀರಲ್ಲ" ಅಂದರು.

ಓದಲು ಬಂದಿರುವ ಹುಡುಗರಿಗೂ ಒಂದು ಮಾತು. 16-25 ಕಾರ್ಡಿನ ಬೆಲೆಯೂ 35, ಹುಟ್ಟುವ ಲೆಕ್ಕವೂ ಅದೇ 105. 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಸಿಗುತ್ತದೆ. ಆದರೆ ಜುಲೈ, ಆಗಸ್ಟ್ ಬಿಟ್ಟು ಉಳಿದ ತಿಂಗಳುಗಳಲ್ಲಿ, ವಾರದ ದಿನ ಬೆಳಿಗ್ಗೆ 4:30ರಿಂದ 10ರವರೆಗೆ ಒಂದು ಕನಿಷ್ಠ ದರವಿದೆ. ರಿಯಾಯಿತಿ ಕಳೆದ ಮೇಲೆ ಟಿಕೆಟ್ಟಿನ ಬೆಲೆ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. 2024ರಲ್ಲಿ ಒಬ್ಬ ಹುಡುಗ 'ಎನಿಟೈಮ್' ಅಂತಲೇ ಹೆಸರಿದ್ದ ಟಿಕೆಟ್ಟಿಗೆ ರಿಯಾಯಿತಿ ಹಾಕಿಸಿ ಬೆಳಿಗ್ಗೆ ಹೊರಟ. ಕನಿಷ್ಠ ದರಕ್ಕಿಂತ 1.90 ಪೌಂಡ್ ಕಡಿಮೆ ಕೊಟ್ಟಿದ್ದಾನೆಂದು ಕೋರ್ಟಿಗೆ ಎಳೆಯುವ ನೋಟಿಸ್ ಬಂತು. ಪತ್ರಿಕೆಗಳಲ್ಲಿ ಗುಲ್ಲಾದ ಮೇಲೆ ಕಂಪನಿ ಕೇಸು ಕೈಬಿಟ್ಟಿತು. ದಿನಾ ಬೆಳಿಗ್ಗೆ ಹತ್ತಿರದ ಊರಿನ ಕಾಲೇಜಿಗೆ ಹೋಗುವವರಿಗೆ ಈ ಕಾರ್ಡಿನಿಂದ ಅಂದುಕೊಂಡಷ್ಟು ಉಳಿಯುವುದಿಲ್ಲ. ರಜೆಯಲ್ಲಿ ದೂರ ಹೋಗುವವರಿಗೆ ಒಂದೆರಡು ಪ್ರಯಾಣದಲ್ಲೇ ಹುಟ್ಟುತ್ತದೆ.

ಕೊಳ್ಳುವ ಮುಂಚೆ nationalrail.co.uk ತೆರೆದು, ಹೋಗಬೇಕೆಂದಿರುವ ಊರುಗಳನ್ನೆಲ್ಲ ಒಂದೊಂದಾಗಿ ಹಾಕಿ. ನಿಜವಾಗಿ ಹೊರಡುವ ದಿನ, ನಿಜವಾಗಿ ಹೊರಡುವ ಹೊತ್ತನ್ನೇ ಕೊಡಿ. ಒಂದು ಸಲ ರೈಲ್‌ಕಾರ್ಡ್ ಇಲ್ಲದೆ, ಇನ್ನೊಂದು ಸಲ ಕಾರ್ಡ್ ಆಯ್ಕೆ ಮಾಡಿ ದರ ನೋಡಿ. ಆ ವ್ಯತ್ಯಾಸಗಳನ್ನು ಕೂಡಿದಾಗ 35 ದಾಟದಿದ್ದರೆ ಕಾರ್ಡು ಬೇಡ. ದಾಟಿದರೆ railcard.co.uk ನಲ್ಲಿ ನೀವೇ, ನಿಮ್ಮದೇ ಇಮೇಲ್ ಕೊಟ್ಟು ಕೊಳ್ಳಿ, ಇಲ್ಲವೇ ಇಲ್ಲಿಗೆ ಬಂದ ಮೇಲೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಮುದ್ರಿತ ಕಾರ್ಡು ಕೇಳಿ. ವಾಟ್ಸಾಪ್ ಬಿಟ್ಟರೆ ಫೋನಿನಲ್ಲಿ ಬೇರೇನೂ ತೆರೆಯದ ಅಪ್ಪ-ಅಮ್ಮನಿಗೆ ಮುದ್ರಿತ ಕಾರ್ಡೇ ಸುಖ. ಚಾರ್ಜ್ ಮುಗಿಯುವ ಭಯವೂ ಇಲ್ಲ.