ಬೀಗದಕೈಯೋ, ಚೇಣಿಯೋ, ಬೇರೆ ಆಳೋ: ಮಂಡಿಯ ಲೆಕ್ಕ ಬರೆಯುವ ಸ್ಕ್ರಿಪ್ಟ್‌ಗೆ ಮೂರು ಬಗೆಯ ಪ್ರವೇಶ

ಶಿವಮೊಗ್ಗದಲ್ಲಿ ನನ್ನ ಸೋದರಮಾವನ ಅಡಿಕೆ ಮಂಡಿ ಇದೆ. ಪ್ರತಿ ಮಾರಾಟಕ್ಕೂ ಬಿಲ್ಲಿಂಗ್ ತಂತ್ರಾಂಶ ಒಂದು ಪಟ್ಟಿ ಮಾಡಿ ಮಂಡಿಯ ಜಿಮೇಲ್‌ಗೆ ಕಳಿಸುತ್ತದೆ. ಬೆಳೆಗಾರನ ಹೆಸರು, ಮಾಲು ರಾಶಿಯೋ ಬೆಟ್ಟೆಯೋ ಗೊರಬಲೋ, ತೂಕ, ದರ, ಕೊಡಬೇಕಾದ ಮೊತ್ತ ಎಲ್ಲವೂ ಅದರಲ್ಲಿರುತ್ತದೆ. ಗುಮಾಸ್ತರು ಅದನ್ನು ನೋಡಿಕೊಂಡು ಗೂಗಲ್ ಶೀಟ್‌ನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದರು. ಈ ದುಪ್ಪಟ್ಟು ಕೆಲಸ ತಪ್ಪಿಸಲು ನಾನೊಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದು ಸಾಗರದ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹತ್ತಕ್ಕೆ ಓಡುತ್ತದೆ, ಮೇಲ್ ಓದುತ್ತದೆ, ಶೀಟ್‌ನಲ್ಲಿ ಸಾಲು ಬರೆಯುತ್ತದೆ. ಬರೆಯುವುದಕ್ಕೆ ಎರಡು ದಿನ ಸಾಕಾಯಿತು. ಶಿವಮೊಗ್ಗದ ಖಾತೆಯೊಳಗೆ ಅದನ್ನು ಎಷ್ಟು ಬಿಡಬೇಕು ಎಂದು ತೀರ್ಮಾನಿಸುವುದಕ್ಕೆ ಹಿಡಿದದ್ದು ಐದು ತಿಂಗಳು. ಅಷ್ಟರಲ್ಲಿ ಮೂರು ದಾರಿಗಳನ್ನು ಬಳಸಿ ನೋಡಿದೆ.

ಮೊದಲನೆಯದು ಸುಲಭದ ದಾರಿ, ಆಪ್ ಪಾಸ್‌ವರ್ಡ್. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಗೂಗಲ್ ಹದಿನಾರು ಅಕ್ಷರದ ಒಂದು ಗುಟ್ಟಿನ ಪದ ಕೊಡುತ್ತದೆ. ಅದನ್ನು ಸ್ಕ್ರಿಪ್ಟ್‌ಗೆ ಕೊಟ್ಟರೆ ಐಮ್ಯಾಪ್ ಎಂಬ ಮೇಲ್ ತರಿಸುವ ವಿಧಾನದ ಮೂಲಕ ಮೇಲ್ ತೆರೆಯುತ್ತದೆ, ಫೋನಿಗೆ ಎರಡನೆಯ ಹಂತದ ಪ್ರಶ್ನೆಯೂ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ನನಗೂ ಖುಷಿಯಾಯಿತು.

ನಾಲ್ಕನೆಯ ದಿನ ಗುಮಾಸ್ತರಿಂದ ಫೋನ್ ಬಂತು. ಬೆಳಿಗ್ಗೆ ದಪ್ಪಕ್ಷರದಲ್ಲಿ ಕಾಣುವ, ಇನ್ನೂ ತೆರೆಯದ ಮೇಲ್‌ಗಳನ್ನು ನೋಡಿ ಬೆಳೆಗಾರರಿಗೆ ಹಣ ಕಳಿಸುವುದು ಅವರ ಕ್ರಮ. ಮೂರು ದಿನದಿಂದ ದಪ್ಪಕ್ಷರವೇ ಇರಲಿಲ್ಲ. ನನ್ನ ಸ್ಕ್ರಿಪ್ಟ್ ರಾತ್ರಿಯೇ ಎಲ್ಲವನ್ನೂ ಓದಿದ್ದರಿಂದ ಅವೆಲ್ಲ ಓದಿದ ಮೇಲ್‌ಗಳಾಗಿಬಿಟ್ಟಿದ್ದವು. ತಪ್ಪು ನನ್ನದೇ, ಎರಡನೆಯ ಸಾಲು ಬರೆಯಬೇಕಾದಲ್ಲಿ ಮೊದಲನೆಯದನ್ನು ಬರೆದಿದ್ದೆ:

```
FETCH 1 BODY[]
FETCH 1 BODY.PEEK[]
```

ಮೊದಲನೆಯದು ಮೇಲ್ ತಂದುಕೊಡುವಾಗ ಅದಕ್ಕೆ ‘ಓದಿದೆ’ ಎಂಬ ಗುರುತು ಹಾಕುತ್ತದೆ, ಎರಡನೆಯದು ಹಾಕುವುದಿಲ್ಲ. ಸರಿಪಡಿಸಲು ಒಂದು ನಿಮಿಷ ಸಾಕಾಯಿತು, ಆದರೆ ಮನಸ್ಸಿಗೆ ಹತ್ತಿದ ಯೋಚನೆ ಬಿಡಲಿಲ್ಲ. ಗುರುತು ಹಾಕಬಲ್ಲದ್ದು ಅಳಿಸಲೂ ಬಲ್ಲದು. ಅದೇ ಹದಿನಾರು ಅಕ್ಷರಗಳಿಂದ ಮಂಡಿಯ ಹೆಸರಿನಲ್ಲಿ ಮೇಲ್ ಕಳಿಸಲೂಬಹುದು. ಜಿಎಸ್‌ಟಿಯ ಒಟಿಪಿ, ಬ್ಯಾಂಕಿನ ಸೂಚನೆ, ಬೇರೆ ಬೇರೆ ಕಡೆಯ ಪಾಸ್‌ವರ್ಡ್ ಬದಲಿಸುವ ಕೊಂಡಿ ಎಲ್ಲವೂ ಬರುವುದು ಅದೇ ಖಾತೆಗೆ. ‘ಓದಲು ಮಾತ್ರ’, ‘ಈ ಮೇಲ್‌ಗಳು ಮಾತ್ರ’ ಎಂದು ಈ ದಾರಿಯಲ್ಲಿ ಬೇಲಿ ಹಾಕಲು ಜಾಗವೇ ಇಲ್ಲ. ಇದನ್ನು ವಹಿಸಿಕೊಡುವುದು ಎನ್ನಲಾಗದು. ಕೊನೆ ತೆಗೆಯಲು ಬಂದವನ ಕೈಗೆ ಮನೆಯ ಬೀಗದಕೈ ಕೊಟ್ಟು ತೋಟಕ್ಕೆ ಕಳಿಸಿದ ಹಾಗಿದು.

ಎರಡನೆಯದು ಒಪ್ಪಿಗೆಯ ದಾರಿ, ಓಆತ್. ವಹಿಸಿಕೊಟ್ಟ ಪ್ರವೇಶ ಎಂಬ ಮಾತಿಗೆ ಸರಿಯಾದ ಅರ್ಥ ಸಿಕ್ಕಿದ್ದು ಇಲ್ಲಿ. ಮಾವನಿಗೆ ನಾನು ಅದನ್ನು ಚೇಣಿಯ ಮಾತಿನಲ್ಲೇ ವಿವರಿಸಿದೆ. ಚೇಣಿ ಕೊಟ್ಟರೆ ತೋಟ ನಿಮ್ಮದೇ, ಚೇಣಿದಾರನಿಗೆ ಆ ವರ್ಷದ ಫಸಲಿನ ಹಕ್ಕಷ್ಟೆ. ಇಲ್ಲಿಯೂ ಮಾವ ತನ್ನ ಫೋನಿನಲ್ಲಿ ತಾನೇ ಲಾಗಿನ್ ಆಗಿ ಒಪ್ಪಿಗೆ ಒತ್ತುತ್ತಾರೆ, ಪಾಸ್‌ವರ್ಡ್ ನನ್ನ ಕೈಗೆ ಬರುವುದೇ ಇಲ್ಲ. ಸ್ಕ್ರಿಪ್ಟ್‌ಗೆ ಸಿಗುವುದು ಎರಡು ಟೋಕನ್, ಅಂದರೆ ಪಾಸ್‌ವರ್ಡ್ ಬದಲಿಗೆ ತೋರಿಸುವ ಗುಟ್ಟಿನ ಚೀಟಿಗಳು. ಒಂದು ಸುಮಾರು ಒಂದು ಗಂಟೆ ಬಾಳುತ್ತದೆ, ಕೆಲಸ ನಡೆಯುವುದು ಅದರಿಂದ. ಇನ್ನೊಂದು ದೀರ್ಘಕಾಲದ್ದು, ಮೊದಲನೆಯದು ಸತ್ತಾಗಲೆಲ್ಲ ಹೊಸದನ್ನು ತರಲು ಇರುವಂಥದ್ದು. ಜೋಪಾನ ಮಾಡಬೇಕಾದದ್ದು ಈ ಎರಡನೆಯದನ್ನು.

ಆದರೆ ಚೇಣಿಪತ್ರದಲ್ಲಿ ಏನು ಬರೆಯುತ್ತೀರಿ ಎಂಬುದೇ ಎಲ್ಲ. ಸೋಮಾರಿತನದಿಂದ ನಾನು ಮೊದಲು ಶೀಟ್‌ಗಳ ಪೂರ್ತಿ ಅನುಮತಿ ಕೇಳಿದ್ದೆ. ಮಾವ ಕನ್ನಡಕ ಏರಿಸಿಕೊಂಡು ಪರದೆಯ ಮೇಲಿದ್ದದ್ದನ್ನು ಓದಿದರು. ನೋಡುವುದು, ತಿದ್ದುವುದು, ಹೊಸದು ಮಾಡುವುದು, ಅಳಿಸುವುದು, ಅದೂ ನಿಮ್ಮ ಎಲ್ಲ ಶೀಟ್‌ಗಳನ್ನು.

“ಎಲ್ಲ ಎಂದರೆ? ಮಗಳ ಮದುವೆ ಖರ್ಚಿನದೂ ಸೇರಿತೇನೋ?”

“ಸೇರಿತು ಮಾವ.”

“ಹಾಗಾದರೆ ಬೇಡ.”

ಅವರು ಹೇಳಿದ್ದು ಸರಿಯಾಗಿತ್ತು. ಮನೆಗೆ ಬಂದು ಅನುಮತಿಯನ್ನು ಹೀಗೆ ಕಿರಿದು ಮಾಡಿದೆ:

```
https://www.googleapis.com/auth/gmail.readonly
https://www.googleapis.com/auth/drive.file
```

ಮೊದಲನೆಯದರಿಂದ ಮೇಲ್ ಓದಬಹುದು, ಕಳಿಸಲೂ ಅಳಿಸಲೂ ಆಗದು, ಓದಿದ ಗುರುತು ಹಾಕಲೂ ಆಗದು. ಹಾಗಾಗಿ ಯಾವ ಮೇಲ್ ಮುಗಿಯಿತು ಎಂಬ ಪಟ್ಟಿಯನ್ನು ಸ್ಕ್ರಿಪ್ಟ್ ತನ್ನದೇ ಕಡತದಲ್ಲಿ ಇಟ್ಟುಕೊಳ್ಳಬೇಕಾಯಿತು. ಎರಡನೆಯದರಿಂದ, ಸ್ಕ್ರಿಪ್ಟ್ ತಾನೇ ಸೃಷ್ಟಿಸಿದ ಕಡತವನ್ನು ಅಥವಾ ಒಡೆಯ ತಾನಾಗಿ ಆರಿಸಿಕೊಟ್ಟ ಕಡತವನ್ನು ಮಾತ್ರ ಮುಟ್ಟಬಹುದು. ಸ್ಕ್ರಿಪ್ಟೇ ಹೊಸ ಶೀಟ್ ತೆರೆದುಕೊಂಡಿತು, ಮದುವೆಯ ಲೆಕ್ಕ ಅದರ ಕಣ್ಣಿಗೆ ಬೀಳಲಿಲ್ಲ.

ಇಷ್ಟಾದರೂ ಪ್ರತಿ ವಾರ ಅದು ಸಾಯುತ್ತಿತ್ತು. ಏಳನೆಯ ದಿನ ಲಾಗ್‌ನಲ್ಲಿ `invalid_grant` ಎಂದು ಬರೆದು ಸುಮ್ಮನಾಗುತ್ತಿತ್ತು. ಸಾಗರದ ಮಳೆಗಾಲ ನೋಡಿ, ಕರೆಂಟಿನ ಮೇಲೆ ಅನುಮಾನಪಟ್ಟು ಎರಡು ವಾರ ಕಳೆದೆ. ಕಾರಣ ಬೇರೆಯೇ ಇತ್ತು. ಗೂಗಲ್ ಕ್ಲೌಡ್‌ನಲ್ಲಿ ನನ್ನ ಸ್ಕ್ರಿಪ್ಟ್‌ನ ಸ್ಥಿತಿ `Testing` ಎಂದೇ ಇತ್ತು, ಹೊರಗಿನ ಬಳಕೆದಾರರ ಪರೀಕ್ಷಾ ಸ್ಥಿತಿಯಲ್ಲಿ ದೀರ್ಘ ಟೋಕನ್‌ನ ಆಯುಷ್ಯ ಏಳೇ ದಿನ. `In production` ಮಾಡಿದ ಮೇಲೆ ಒಪ್ಪಿಗೆಯ ಹೊತ್ತಿಗೆ ‘ಪರಿಶೀಲಿಸದ ಆಪ್’ ಎಂಬ ಎಚ್ಚರಿಕೆ ಬಂತು, ಸಾವು ನಿಂತಿತು. ಮುಂದೆ ಇದೇ ಸಾಲು ಕಂಡರೆ ಇನ್ನೆರಡು ಕಾರಣ ನೋಡಬೇಕು. ಜಿಮೇಲ್ ಅನುಮತಿ ಇರುವ ಟೋಕನ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ರದ್ದಾಗುತ್ತದೆ, ಆರು ತಿಂಗಳು ಬಳಸದೆ ಬಿಟ್ಟರೂ ರದ್ದಾಗುತ್ತದೆ.

ಈ ದಾರಿಯ ನಿಜವಾದ ತೊಡಕು ಕಾಣಿಸಿದ್ದು ತಿಂಗಳ ಕೊನೆಯಲ್ಲಿ, ಒಟ್ಟು ಮೊತ್ತ ಕಡಿಮೆ ಬಂದಾಗ. ನನ್ನ ಕೋಡ್ ಮೊತ್ತದಿಂದ ಒಂದೇ ಒಂದು ಅಲ್ಪವಿರಾಮ ತೆಗೆಯುತ್ತಿತ್ತು. 96,400 ಎಂದಿದ್ದರೆ ತೊಂದರೆ ಇಲ್ಲ. 4,12,300 ಬಂದರೆ ಒಂದು ಉಳಿದುಬಿಡುತ್ತದೆ, ಅದು ಅಂಕಿಯಾಗದೆ ಪಠ್ಯವಾಗಿ ಶೀಟ್‌ಗೆ ಹೋಗುತ್ತದೆ, ಶೀಟ್‌ನ ಕೂಡಿಕೆ ಪಠ್ಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ಲಕ್ಷ ದಾಟಿದ ಪಟ್ಟಿಗಳಷ್ಟೇ ಮಾಯ. ಅಂಕಣದಲ್ಲಿ ಅವು ಎಡಕ್ಕೆ ಅಂಟಿಕೊಂಡು ನಿಂತಿದ್ದವು, ಅಂಕಿಗಳು ಬಲಕ್ಕೆ. ಗಮನಿಸಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ಆದರೆ ಮಂಡಿಯಲ್ಲಿ ನಡೆದದ್ದು ಬೇರೆ. ಗುಮಾಸ್ತರು ಶೀಟ್‌ನ ಇತಿಹಾಸ ತೆರೆದರು, ಪ್ರತಿ ಸಾಲಿನ ಮುಂದೆಯೂ ಮಾವನ ಹೆಸರು. ರಾತ್ರಿ ಹತ್ತಕ್ಕೆ ಯಜಮಾನರೇ ಕೂತು ಲೆಕ್ಕ ತಿದ್ದಿದ್ದಾರೆ ಎಂದುಕೊಂಡು ಅವರು ಎರಡು ದಿನ ಬಾಯಿ ಬಿಡಲಿಲ್ಲ. ಒಪ್ಪಿಗೆಯ ದಾರಿಯಲ್ಲಿ ಹೀಗಾಗುವುದು ಸಹಜ. ಸ್ಕ್ರಿಪ್ಟ್ ಮಾವನ ಪರವಾಗಿ, ಮಾವನ ಹೆಸರಿನಲ್ಲೇ ಬರೆಯುತ್ತದೆ. ಮನುಷ್ಯ ಮಾಡಿದ್ದು ಯಾವುದು, ಯಂತ್ರ ಮಾಡಿದ್ದು ಯಾವುದು ಎಂದು ಇತಿಹಾಸದಲ್ಲಿ ಬೇರ್ಪಡಿಸಲಾಗದು. ಹಣದ ಲೆಕ್ಕದಲ್ಲಿ ಇದನ್ನು ನಾನು ಸಣ್ಣ ಕೊರತೆ ಎಂದು ಭಾವಿಸುವುದಿಲ್ಲ.

ಅದಕ್ಕಾಗಿ ಮೂರನೆಯ ದಾರಿಗೆ ಹೋದೆ, ಸರ್ವಿಸ್ ಅಕೌಂಟ್. ಇಲ್ಲಿ ಸ್ಕ್ರಿಪ್ಟ್‌ಗೇ ಒಂದು ಪ್ರತ್ಯೇಕ ಗುರುತು, `iam.gserviceaccount.com` ಎಂದು ಕೊನೆಯಾಗುವ ಅದರದೇ ವಿಳಾಸ. ಹುಟ್ಟುವಾಗ ಮಾವನ ಖಾತೆಯಲ್ಲಿ ಅದಕ್ಕೆ ಯಾವ ಹಕ್ಕೂ ಇರುವುದಿಲ್ಲ. ಮಾವ ಒಂದು ಶೀಟ್ ತೆರೆದು, ಗುಮಾಸ್ತರಿಗೆ ಕೊಡುವ ಹಾಗೆಯೇ ಆ ವಿಳಾಸಕ್ಕೂ ತಿದ್ದುವ ಹಕ್ಕು ಹಂಚಿದರು. ಅಷ್ಟೇ ಅದರ ಲೋಕ. ಇತಿಹಾಸದಲ್ಲಿ ಈಗ ಅದು ತನ್ನ ಹೆಸರಿನಲ್ಲೇ ಕಾಣುತ್ತದೆ.

ಶೀಟ್‌ನ ಒಳಗೂ ಒಂದು ಗೆರೆ ಎಳೆದೆವು. ‘ಬಂದ ಪಟ್ಟಿ’ ಎಂಬ ಹಾಳೆಯಲ್ಲಿ ಮಾತ್ರ ಸ್ಕ್ರಿಪ್ಟ್ ಬರೆಯಬಹುದು. ‘ಪಾವತಿ’ ಹಾಳೆಯನ್ನು `Data > Protect sheets and ranges` ಮೂಲಕ ಮಾವನಿಗೂ ಗುಮಾಸ್ತರಿಗೂ ಮೀಸಲಿಟ್ಟಿದ್ದೇವೆ. ಬೆಳಿಗ್ಗೆ ಗುಮಾಸ್ತರು ಬಂದ ಪಟ್ಟಿಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿ ಪಾವತಿಗೆ ತರುತ್ತಾರೆ. ಯಾರೋ ಬಿಲ್ಲಿಂಗ್ ವಿಳಾಸವನ್ನು ಅನುಕರಿಸಿ ಸುಳ್ಳು ಪಟ್ಟಿ ಕಳಿಸಿದರೂ ಅದು ಹಣವಾಗುವ ಮುಂಚೆ ಒಬ್ಬ ಮನುಷ್ಯನ ಕಣ್ಣು ದಾಟಬೇಕು. ಅನುಮತಿಗಳನ್ನು ಎಷ್ಟು ಕಿರಿದು ಮಾಡಿದರೂ ಈ ಅಪಾಯ ತಪ್ಪುತ್ತಿರಲಿಲ್ಲ, ಏಕೆಂದರೆ ಸ್ಕ್ರಿಪ್ಟ್ ತನ್ನ ಹಕ್ಕಿನೊಳಗೇ ಇದ್ದುಕೊಂಡು ಸುಳ್ಳನ್ನು ಶ್ರದ್ಧೆಯಿಂದ ಬರೆದಿರುತ್ತಿತ್ತು.

ಕೊರತೆ ಇಲ್ಲಿಯೂ ಇದೆ. ಇದರ ಕೀಲಿ ಒಂದು ಜೇಸನ್ ಕಡತ, ಒಮ್ಮೆ ಮಾತ್ರ ಇಳಿಸಿಕೊಳ್ಳಬಹುದು, ನಾವಾಗಿ ರದ್ದು ಮಾಡುವವರೆಗೆ ಸಾಮಾನ್ಯವಾಗಿ ಅದಕ್ಕೆ ಮುಕ್ತಾಯದ ದಿನವಿಲ್ಲ. ಲ್ಯಾಪ್‌ಟಾಪ್ ಕಳುವಾದರೆ ಕೀಲಿಯೂ ಹೋದ ಹಾಗೆ. ಕೋಡ್ ಇರುವ ಫೋಲ್ಡರಿನಿಂದ ಅದನ್ನು ಹೊರಗಿಟ್ಟು, ಲ್ಯಾಪ್‌ಟಾಪ್‌ನ ಬೇರೆ ಬಳಕೆದಾರರು ತೆರೆಯದಂತೆ `chmod 600` ಮಾಡಿದ್ದೇನೆ, ಮೂರು ತಿಂಗಳಿಗೊಮ್ಮೆ ಹೊಸ ಕೀಲಿ ಮಾಡಿ ಹಳೆಯದನ್ನು ಅಳಿಸುತ್ತೇನೆ. ಇನ್ನೊಂದು, ಇದು ಸಾಮಾನ್ಯ ಜಿಮೇಲ್ ಅನ್ನು ಓದಲಾರದು. ಸಂಸ್ಥೆಯ ವರ್ಕ್‌ಸ್ಪೇಸ್ ಖಾತೆಯಾದರೆ ನಿರ್ವಾಹಕರು ಇಡೀ ಡೊಮೈನ್‌ನ ಅಧಿಕಾರ ವಹಿಸಿಕೊಡಬಹುದು. ಆಗ ಅದು ಅಲ್ಲಿಯ ಯಾವುದೇ ಬಳಕೆದಾರನ ವೇಷ ತೊಡಬಲ್ಲದು. ನಾಲ್ಕು ಜನರ ಮಂಡಿಗೆ ಅಂಥದ್ದು ಬೇಕಿಲ್ಲ.

ಹೀಗಾಗಿ ಮೇಲ್ ಓದಲು ಎರಡನೆಯ ದಾರಿಯನ್ನೇ ಉಳಿಸಿಕೊಂಡೆ, ಆದರೆ ಬೇರೆ ಕಡೆ. ಜಿಮೇಲ್‌ನ ಅನುಮತಿಯನ್ನು ‘ಈ ಲೇಬಲ್‌ಗೆ ಮಾತ್ರ’ ಎಂದು ಸೀಮಿತಗೊಳಿಸಲಾಗದು, ಓದುವ ಹಕ್ಕು ಕೊಟ್ಟರೆ ಒಟಿಪಿಯನ್ನೂ ಓದುತ್ತದೆ. ಅದಕ್ಕೆ ಪಟ್ಟಿಗಳಿಗೆಂದೇ ಹೊಸ ಜಿಮೇಲ್ ಖಾತೆ ತೆರೆದು, ಬಿಲ್ಲಿಂಗ್ ವಿಳಾಸದಿಂದ ಬಂದದ್ದನ್ನು ಮಾತ್ರ ಅಲ್ಲಿಗೆ ದಾಟಿಸುವ ಫಿಲ್ಟರ್ ಹಾಕಿದೆವು. ಓದುವ ಒಪ್ಪಿಗೆ ಈಗ ಆ ಖಾತೆಗೆ ಮಾತ್ರ, ಮಂಡಿಯ ಮೂಲ ಖಾತೆಯ ಒಪ್ಪಿಗೆಯನ್ನು ಮಾವ ತೆಗೆದುಹಾಕಿದ್ದಾರೆ.

ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಬರೆಯುವ ಕೆಲಸಕ್ಕೆ ಮೂರನೆಯದು, ಓದುವುದಕ್ಕೆ ಬೇರೆ ಖಾತೆಯ ಮೇಲಿನ ಎರಡನೆಯದು. ಆಪ್ ಪಾಸ್‌ವರ್ಡ್ ಅನ್ನು ಒಟಿಪಿ ಬರುವ ಖಾತೆಗೆ ನಾನಂತೂ ಇನ್ನು ಬಳಸುವುದಿಲ್ಲ. ನನ್ನ ಅಳತೆಗೋಲು ಒಂದೇ: ನಾನು ಫೋನಿಗೆ ಸಿಗದ ದಿನ ಮಾವ ಒಬ್ಬರೇ ಸ್ಕ್ರಿಪ್ಟ್‌ನ ಕೈ ಬಿಡಿಸಬಲ್ಲರೇ? ಖಾತೆಯ ಭದ್ರತಾ ಪುಟದಲ್ಲಿ ಆಪ್ ಪಾಸ್‌ವರ್ಡ್ ಎಲ್ಲಿದೆ ಎಂದು ಹುಡುಕಲು ಅವರಿಗೆ ಹತ್ತು ನಿಮಿಷ ಬೇಕಾಯಿತು. ಶೀಟ್‌ನ ಹಂಚಿಕೆ ತೆಗೆಯುವುದು ಅವರಿಗೆ ಮೊದಲೇ ಗೊತ್ತಿತ್ತು.

ಎಷ್ಟು ಗೊತ್ತಿತ್ತೆಂದರೆ, ಕಳೆದ ತಿಂಗಳು “ಇದು ಯಾರದೋ ವಿಚಿತ್ರ ವಿಳಾಸ” ಎಂದು ತೆಗೆದೇಬಿಟ್ಟರು. ಆ ರಾತ್ರಿ ಲಾಗ್‌ನಲ್ಲಿ 403, `PERMISSION_DENIED`. ಬೆಳಿಗ್ಗೆ ಫೋನ್ ಮಾಡಿದೆ, ಅವರು ಬೈದುಕೊಳ್ಳುತ್ತಲೇ ಮತ್ತೆ ಹಂಚಿದರು. ಬರೆದ ಮೇಲಷ್ಟೇ ಮೇಲ್ ಅನ್ನು ಮುಗಿದ ಪಟ್ಟಿಗೆ ಸೇರಿಸುವ ಕ್ರಮವಿದ್ದುದರಿಂದ, ಉಳಿದಿದ್ದ ಆರು ಪಟ್ಟಿಗಳೂ ಮರುದಿನ ರಾತ್ರಿ ಹತ್ತಕ್ಕೆ ತಾವಾಗಿ ಹೋಗಿ ಕೂತವು.